ಮುಸ್ಸಂಜೆಗೆ ಮಂಡಿಯೂರುವ ಫ್ರಿಜ್ಜು

ಬೆಳಗಿನ ಜಾವ ಐದಕ್ಕೆ ಆ ಫ್ರಿಜ್ಜು ಗಟ್ಟಿಮುಟ್ಟು. ಹಾಲಿನ ವ್ಯಾನು ಬಂದು ಕ್ರೇಟು ಇಳಿಸಿ ಹೋಗುವ ಹೊತ್ತಿಗೆ ಸಣ್ಣಗೆ ಗುಂಯ್‌ಗುಡುತ್ತಾ ತನ್ನ ಪಾಡಿಗೆ ತಾನು ತಣ್ಣಗೆ ನಿಂತಿರುತ್ತದೆ. ನಡುಮಧ್ಯಾಹ್ನ ಹೊರಗೆ ಬಿಸಿಲು ಕುದಿಯುತ್ತಿದ್ದರೂ ಅದರೊಳಗಿನ ಮಜ್ಜಿಗೆ ಪೊಟ್ಟಣ ಹಲ್ಲು ಜುಮ್ಮೆನ್ನುವಷ್ಟು ತಂಪು. ಆದರೆ ದೀಪ ಹಚ್ಚುವ ಹೊತ್ತಾಯಿತೆನ್ನಿ, ಆರೂವರೆ, ಆರೂ ಮುಕ್ಕಾಲು, ಅಷ್ಟೇ! ಕಂಪ್ರೆಸರ್ ಒಮ್ಮೆ ‘ಹೂಂ’ ಎಂದು ಮುಲುಕುತ್ತದೆ, ಹತ್ತು ಎಣಿಸುವಷ್ಟರಲ್ಲಿ ‘ಟಿಕ್’ ಎಂದು ಸುಮ್ಮನಾಗುತ್ತದೆ. ಕೆಲವು ನಿಮಿಷದ ನಂತರ ಮತ್ತೆ ಮುಲುಕು, ಮತ್ತೆ ಟಿಕ್. ರಾತ್ರಿ ಹತ್ತರವರೆಗೂ ಇದೇ ಪಾಡು. ಹತ್ತು ಕಳೆದ ಮೇಲೆ, ಯಾರೂ ಮುಟ್ಟದೆ, ಏನೂ ಮಾಡದೆ, ಅದು ತಾನಾಗಿಯೇ ಎದ್ದು ಓಡತೊಡಗುತ್ತದೆ!

ಮೈಸೂರು ಜಿಲ್ಲೆಯ ಕೃಷ್ಣರಾಜನಗರ ಸೀಮೆಯ ಭೇರ್ಯದಲ್ಲಿ, ಅಂಗಡಿಸಾಲಿನ ಕೊನೆಯಲ್ಲಿರುವ ಒಂದು ಪುಟ್ಟ ಕಿರಾಣಿ ಅಂಗಡಿಯ ಕಥೆ ಇದು. ಹಾಲು, ಮೊಸರು, ತಂಪು ಪಾನೀಯ, ಮಕ್ಕಳಿಗೆ ಐಸ್‌ಕ್ಯಾಂಡಿ. ಬೇಸಿಗೆಯಲ್ಲಿ ಅಂಗಡಿಯ ಅರ್ಧ ವ್ಯಾಪಾರ ಆ ಒಂದು ಪೆಟ್ಟಿಗೆಯೊಳಗೇ ಇದೆ. ಅದರಲ್ಲೂ ಗದ್ದೆ ಕೆಲಸ ಮುಗಿಸಿ, ಬಸ್ಸಿಳಿದು, ಜನ ಅಂಗಡಿಗೆ ನುಗ್ಗುವುದೇ ಸಂಜೆ. ಬೇಕಾದ ಹೊತ್ತಿಗೆ ಸರಿಯಾಗಿ ಕೈಕೊಡುವ ಯಂತ್ರವನ್ನು ಎಷ್ಟು ದಿನ ಸಹಿಸಲಾದೀತು?

ಫ್ರಿಜ್ಜು ರಿಪೇರಿಯವರು ಬಂದರು. ರಿಲೇ ಹೋಗಿದೆ ಎಂದು ರಿಲೇ ಬದಲಾಯಿಸಿದರು. ಸಂಜೆ ಮತ್ತೆ ಅದೇ. ಗ್ಯಾಸು ಕಮ್ಮಿಯಾಗಿದೆ ಎಂದು ಗ್ಯಾಸು ತುಂಬಿಸಿದರು. ಸಂಜೆ ಮತ್ತೆ ಅದೇ. ಕಂಪ್ರೆಸರ್ರೇ ಹಳತಾಗಿದೆ, ಹೊಸದು ಹಾಕಿಸಿ ಎಂದರು. ಪಾಪ, ಅವರದೇನೂ ತಪ್ಪಿಲ್ಲ. ರಿಪೇರಿಗೆ ಅವರು ಬರುತ್ತಿದ್ದುದೆಲ್ಲ ಹಗಲಲ್ಲಿ, ಹಗಲಲ್ಲಿ ಫ್ರಿಜ್ಜು ಓಡುತ್ತಲೇ ಇತ್ತು. ಯಾವ ಭಾಗ ಬದಲಿಸಿದರೂ ‘ನೋಡಿ, ಈಗ ಸರಿಯಾಯ್ತು’ ಎನ್ನುವಂತೆಯೇ ಇತ್ತು.

ಹೊಸ ಕಂಪ್ರೆಸರ್‌ಗೆ ದುಡ್ಡು ಹೊಂದಿಸುವ ಮುನ್ನ ಅಂಗಡಿಯವರು ಒಂದು ಕೆಲಸ ಮಾಡಿದರು, ಇಡೀ ಗುಟ್ಟು ಬಿಚ್ಚಿಕೊಂಡದ್ದೇ ಅಲ್ಲಿಂದ. ಉದ್ರಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಫ್ರಿಜ್ಜು ನಿಂತ ಹೊತ್ತು, ಎದ್ದ ಹೊತ್ತು ಗೀಚಿಡತೊಡಗಿದರು. ಹಾಳೆ ತುಂಬುವ ಹೊತ್ತಿಗೆ ಎದ್ದು ಕಾಣುತ್ತಿತ್ತು: ಸವೆದ ಕಂಪ್ರೆಸರ್ ಹೀಗೆ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ. ಯಂತ್ರದೊಳಗಿನ ದೋಷಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ಹೊತ್ತು ಗೊತ್ತಿರುವುದು ಊರಿಗೆ!

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತಿದ್ದ ಅವರ ಅಕ್ಕನ ಮಗ ರಜೆಗೆ ಬಂದಿದ್ದ. ಹಾಳೆ ನೋಡಿದವನೇ ಮಲ್ಟಿಮೀಟರ್ ತಂದು ಸಂಜೆ ಏಳೂವರೆಗೆ ಫ್ರಿಜ್ಜಿನ ಪ್ಲಗ್ಗಿನಲ್ಲಿ ಹಿಡಿದ. 180 ವೋಲ್ಟ್!

“ಮಾವ, ಇಷ್ಟು ಡಲ್ ಕರೆಂಟಲ್ಲಿ ಫ್ರಿಜ್ಜು ಹೆಂಗೆ ಓಡ್ತದೆ?”

“ಡಲ್ಲಾ? ಎಲ್ಲಿ ಡಲ್ಲು? ಲೈಟು ನೋಡೋ, ಹೆಂಗ್ ಉರೀತಾ ಅದೆ!”

ಇಲ್ಲಿ ನಿಲ್ಲಬೇಕು. ಈ ಕಥೆಯಲ್ಲಿ ನನ್ನನ್ನು ಮೊದಲು ಬೆಚ್ಚಿಬೀಳಿಸಿದ್ದು ಈ ಮಾತೇ. ಅಂಗಡಿಯ ತುಂಬ ಬೆಳಕು ಚೆಲ್ಲಿತ್ತು, ಟಿವಿ ಓಡುತ್ತಿತ್ತು, ಮೊಬೈಲು ಚಾರ್ಜ್ ಆಗುತ್ತಿತ್ತು. ವೋಲ್ಟೇಜು ಐದನೇ ಒಂದು ಪಾಲಿಗಿಂತ ಹೆಚ್ಚು ಕುಸಿದಿದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಿಂದೆ ಹೀಗಿರಲಿಲ್ಲ. ಹಳೆಯ ಬುರುಡೆ ಬಲ್ಬಿನ ಕಾಲದಲ್ಲಿ ವೋಲ್ಟೇಜು ಇಳಿದರೆ ತಂತಿ ಕೆಂಪಗೆ ಮಂಕಾಗಿ ಇಡೀ ಮನೆಗೆ ತಿಳಿಯುತ್ತಿತ್ತು, ಚೋಕಿನ ಟ್ಯೂಬ್‌ಲೈಟು ಹತ್ತಲಾರದೆ ಮಿಟುಕುತ್ತಿತ್ತು. ಈಗಿನ ಬಹುಪಾಲು ಎಲ್‌ಇಡಿ ಬಲ್ಬುಗಳ ಬುಡದಲ್ಲಿ ಪುಟ್ಟದೊಂದು ವಿದ್ಯುನ್ಮಾನ ಮಂಡಲ ಕೂತಿದೆ. 230 ಬಂದರೂ 180 ಬಂದರೂ ದೀಪಕ್ಕೆ ಬೇಕಾದಷ್ಟನ್ನೇ ಅಳೆದು ಕೊಡುವುದು ಅದರ ಕೆಲಸ. ಟಿವಿ, ಚಾರ್ಜರುಗಳೂ ಹಾಗೆಯೇ. ಎಷ್ಟೋ ಚಾರ್ಜರುಗಳ ಮೇಲೆ 100ರಿಂದ 240 ಎಂದು ಅಚ್ಚೇ ಹಾಕಿರುತ್ತಾರೆ. ಕುಸಿತವನ್ನು ಬಾಯಿಬಿಟ್ಟು ಹೇಳಬಲ್ಲವು ಎಂದರೆ ಮೋಟಾರುಗಳು ಮಾತ್ರ. ಆ ಅಂಗಡಿಯಲ್ಲಿ ಮೋಟಾರು ಇದ್ದದ್ದು ಎರಡೇ ಕಡೆ. ತಲೆಯ ಮೇಲಿನ ಫ್ಯಾನು ಸಂಜೆಯಾದರೆ ನಿಧಾನವಾಗುತ್ತಿತ್ತು, ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಉಳಿದದ್ದು ಫ್ರಿಜ್ಜು. ಕೆಟ್ಟಿದೆ ಎಂದು ಎಲ್ಲರೂ ಬೈಯುತ್ತಿದ್ದ ಆ ಯಂತ್ರ ಅಂಗಡಿಯಲ್ಲಿ ನಿಜ ನುಡಿಯುತ್ತಿದ್ದ ಒಂದೇ ಸಾಕ್ಷಿಯಾಗಿತ್ತು!

ಅದು ನುಡಿಯುತ್ತಿದ್ದದ್ದಾದರೂ ಏನು? ಕಂಪ್ರೆಸರಿನ ಕಪ್ಪು ಗಡಿಗೆಯೊಳಗೆ ಮೋಟಾರೂ ಪಂಪೂ ಒಟ್ಟಿಗೆ ಮುಚ್ಚಿಕೊಂಡಿವೆ. ಓಡುತ್ತಿರುವಾಗ ಅದಕ್ಕೆ ಬೇಕಾದ ಕರೆಂಟು ಸುಮಾರು ಒಂದು ಆಂಪಿಯರ್. ಆದರೆ ನಿಂತಲ್ಲಿಂದ ಏಳುವ ಆ ಒಂದೆರಡು ಕ್ಷಣ ಅದರ ಹತ್ತು ಪಟ್ಟಿನಷ್ಟು ಎಳೆಯುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಸೋಜಿಗದ್ದು. ಏಳುವಾಗಿನ ತಿರುಗುಬಲ ವೋಲ್ಟೇಜಿನ ಜೊತೆ ಸಮಸಮನಾಗಿ ಇಳಿಯುವುದಿಲ್ಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಪ್ಲಗ್ಗಿನಲ್ಲಿ 180 ಇದೆ. ಮೋಟಾರು ಏಳಲು ಹತ್ತು ಆಂಪಿಯರ್ ಎಳೆದ ಗಳಿಗೆಯಲ್ಲೇ ಉದ್ದನೆಯ ತಂತಿಯಲ್ಲಿ ಇನ್ನೊಂದು ಒಂಬತ್ತು ವೋಲ್ಟು ಕರಗಿ ಉಳಿಯುವುದು 171. ಅದನ್ನು 230ಕ್ಕೆ ಹೋಲಿಸಿದರೆ ವೋಲ್ಟೇಜು ನೂರಕ್ಕೆ 74 ಇದೆ, ಆದರೆ ಬಲ? 74ರ ವರ್ಗ, ಅಂದರೆ ನೂರಕ್ಕೆ 55! ಅರ್ಧ ಬಲದಲ್ಲಿ ಒಳಗಿನ ಗ್ಯಾಸಿನ ಒತ್ತಡವನ್ನು ತಳ್ಳಿ ಮೊದಲ ಸುತ್ತು ತಿರುಗಲು ಆ ಹಳೆಯ ಮೋಟಾರಿಗೆ ಆಗುತ್ತಿರಲಿಲ್ಲ. ತಿರುಗದೆ ಹಟ ಹಿಡಿದು ನಿಂತ ಮೋಟಾರು ಏಳುವಾಗಿನ ಆ ಭಾರೀ ಕರೆಂಟನ್ನು ಎಳೆಯುತ್ತಲೇ ಇರುತ್ತದೆ, ಸುರುಳಿ ಕಾಯುತ್ತದೆ. ಅದೇ ಆ ಮುಲುಕು.

ಮತ್ತೆ ಆ ‘ಟಿಕ್’? ಕಂಪ್ರೆಸರಿನ ಪಕ್ಕಕ್ಕೆ ಅಂಟಿಕೊಂಡ ಓವರ್‌ಲೋಡ್ ಎಂಬ ಪುಟ್ಟ ಡಬ್ಬಿಯಲ್ಲಿ ಎರಡು ಲೋಹ ಬೆಸೆದ ಒಂದು ಬಿಲ್ಲೆ ಇದೆ. ಬಿಸಿಯಾದರೆ ಅದು ಚಟ್ಟನೆ ಮಗುಚಿ ಕರೆಂಟನ್ನು ಕಡಿಯುತ್ತದೆ, ತಣಿದ ಮೇಲೆ ಮತ್ತೆ ಕೂಡಿಸುತ್ತದೆ. ಸಂಜೆಯುದ್ದಕ್ಕೂ ಮುಲುಕು, ಟಿಕ್, ಮುಲುಕು, ಟಿಕ್. ಆ ಕಾಸಗಲದ ಬಿಲ್ಲೆ ಪ್ರತಿ ಸಂಜೆ ಹತ್ತಾರು ಬಾರಿ ಕಂಪ್ರೆಸರಿನ ಪ್ರಾಣ ಉಳಿಸುತ್ತಿತ್ತು! ಅದಿಲ್ಲದಿದ್ದರೆ ಮೊದಲ ಸಂಜೆಯೇ ಸುರುಳಿ ಸುಟ್ಟು ಕರಕಲಾಗಿರುತ್ತಿತ್ತು.

ಹಾಗಾದರೆ ವೋಲ್ಟೇಜು ಎಲ್ಲಿ ಸೋರುತ್ತಿದೆ? ಹುಡುಗ ಮಾಡಿದ ಮುಂದಿನ ಕೆಲಸ ಯಾವ ಮನೆಯವರೂ ನೆನಪಿಡಬೇಕಾದ್ದು. ಮೇನ್ ಸ್ವಿಚ್ಚನ್ನು ಕೆಳಗಿಳಿಸಿ ಇಡೀ ಅಂಗಡಿಯನ್ನು ಕತ್ತಲು ಮಾಡಿದ. ಆಮೇಲೆ ಮೀಟರಿನಿಂದ ಮೇನ್ ಸ್ವಿಚ್ಚಿಗೆ ಬರುವ ಕಡೆಯಲ್ಲಿ ಅಳೆದ. ಅಂಗಡಿಯ ಹೊರೆಯೇ ಇಲ್ಲದಾಗ ವೋಲ್ಟೇಜು 230ಕ್ಕೆ ಏರಿಬಿಟ್ಟಿದ್ದರೆ ದೋಷ ಅಂಗಡಿಯ ವೈರಿಂಗಿನಲ್ಲೋ, ಕಂಬದಿಂದ ಬರುವ ಸರ್ವಿಸ್ ವೈರಿನ ಸಡಿಲ ಗಂಟಿನಲ್ಲೋ ಇದೆ ಎಂದರ್ಥ. ಏರಲಿಲ್ಲ. 181, 182, ಅಷ್ಟೇ. ಅಂಗಡಿಯವರು ಒಂದು ದೀಪ ಉರಿಸದಿದ್ದರೂ ಕುಸಿತ ಕುಸಿತವೇ. ಅಂದಮೇಲೆ ಫ್ರಿಜ್ಜೂ ಸರಿ, ವೈರಿಂಗೂ ಸರಿ. ಕಳೆದುಹೋಗುತ್ತಿರುವುದು ಬೀದಿಯಲ್ಲಿ!

ಪಕ್ಕದ ಟೀ ಅಂಗಡಿಯಲ್ಲಿ ಹಿಡಿದರೆ 181. ಅದರಾಚೆಯ ಕೋಳಿ ಅಂಗಡಿಯಲ್ಲಿ 184. ಸರಿ, ಬೀದಿಗೆಲ್ಲ ಇದೇ ಕಥೆ ಎಂದುಕೊಂಡು ರಸ್ತೆ ದಾಟಿ ಎದುರುಸಾಲಿನ ಮನೆಯೊಂದರಲ್ಲಿ ಹಿಡಿದರೆ... 235! ಅದೇ ಕಂಬ, ಅದೇ ಟಿಸಿ, ನಡುವೆ ಇರುವುದು ಒಂದು ಟಾರು ರಸ್ತೆಯ ಅಗಲ. ಅಳೆದ ಹುಡುಗನಿಗೇ ನಂಬಿಕೆ ಬರಲಿಲ್ಲ, ಮೀಟರಿನ ಬ್ಯಾಟರಿ ಬದಲಿಸಿ ಮತ್ತೆ ಅಳೆದ. ಮತ್ತೆ 235.

ಊರಲ್ಲಿ ಇಂಥದ್ದಕ್ಕೆ ಸಿದ್ಧ ಉತ್ತರಗಳು ಇರುತ್ತವೆ. ಗದ್ದೆಯ ಪಂಪ್‌ಸೆಟ್ಟುಗಳು ಎಳೆಯುತ್ತವೆ ಎಂದರು ಕೆಲವರು. ಆದರೆ ಆ ಟಿಸಿಯಲ್ಲಿ ಒಂದು ಪಂಪ್‌ಸೆಟ್ಟೂ ಇರಲಿಲ್ಲ, ಮನೆ ಮತ್ತು ಅಂಗಡಿಗಳು ಮಾತ್ರ. ಟಿಸಿ ಚಿಕ್ಕದು, ದೊಡ್ಡದು ಹಾಕಿಸಬೇಕು ಎಂದರು ಇನ್ನು ಕೆಲವರು. ಎಲ್ಲರಿಗೂ ಒಪ್ಪಿಗೆಯಾದ ಮಾತು ಅದೇ. ಅರ್ಜಿ ಬರೆಯಲೂ ಹೊರಟಿದ್ದರು. ಅಷ್ಟರಲ್ಲಿ ದೂರು ದಾಖಲಾಗಿ ಲೈನ್‌ಮ್ಯಾನ್ ಬಂದರು, ಸಂಜೆ ಏಳರ ನಂತರವೇ ಬನ್ನಿ ಎಂದು ಅಂಗಡಿಯವರು ಕೇಳಿಕೊಂಡಿದ್ದರಿಂದ ಸಂಜೆಯೇ ಬಂದರು.

ಟಿಸಿಯ ಕೆಳಗೆ ನಿಂತು ಅವರು ಟಾಂಗ್ ಟೆಸ್ಟರ್ ತೆಗೆದರು. ಇಕ್ಕಳದಂತೆ ಬಾಯಿ ತೆರೆಯುವ ಮೀಟರು ಅದು. ತಂತಿಯನ್ನು ಬಿಚ್ಚುವುದು ಬೇಡ, ಕಡಿಯುವುದು ಬೇಡ, ಸುಮ್ಮನೆ ಸುತ್ತುವರಿದರೆ ಸಾಕು, ಒಳಗೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಹೇಳುತ್ತದೆ. ಟಿಸಿಯಿಂದ ಇಳಿಯುವ ಕೇಬಲ್ಲುಗಳನ್ನು ಒಂದೊಂದಾಗಿ ಹಿಡಿದರು. ಕೆಂಪು ಫೇಸಿನಲ್ಲಿ 98 ಆಂಪಿಯರ್. ಹಳದಿಯಲ್ಲಿ 35. ನೀಲಿಯಲ್ಲಿ 30. ಕೊನೆಗೆ ನ್ಯೂಟ್ರಲ್. ಅದರಲ್ಲಿ 66!

“ಟಿಸಿಗೇನೂ ಆಗಿಲ್ಲ ಕಣಣ್ಣ. ನಿಮ್ಮ ಸಾಲೆಲ್ಲಾ ಒಂದೇ ಫೇಸಿಗೆ ನೇತಾಕಂಡದೆ!”

ಈ ನಾಲ್ಕು ಅಂಕಿಗಳಲ್ಲಿ ಇಡೀ ರಹಸ್ಯ ಅಡಗಿದೆ, ನಿಧಾನವಾಗಿ ನೋಡೋಣ. ಆ ಟಿಸಿ 63 ಕೆವಿಎಯದು. 11 ಸಾವಿರ ವೋಲ್ಟಿನ ಲೈನಿನಿಂದ ಇಳಿಸಿ ಮೂರು ಫೇಸುಗಳಲ್ಲಿ ಕೊಡುತ್ತದೆ. ಪ್ರತಿ ಫೇಸಿಗೂ ಪೂರ್ಣ ಹೊರೆ ಎಂದರೆ 84 ಆಂಪಿಯರ್, ಮೂರಕ್ಕೂ ಸೇರಿ 252. ಆ ಸಂಜೆ ಹರಿಯುತ್ತಿದ್ದದ್ದು 98, 35, 30, ಒಟ್ಟು 163. ಅಂದರೆ ಟಿಸಿಯ ಮೂರನೇ ಒಂದು ಭಾಗದಷ್ಟು ಶಕ್ತಿ ಖಾಲಿ ಕೂತಿತ್ತು! ಕೆಂಪು ಫೇಸು ಮಾತ್ರ ಮಿತಿ ಮೀರಿ ಏದುಸಿರು ಬಿಡುತ್ತಿತ್ತು. ಇದು ಹೇಗಾಯಿತು? ಯಾರೂ ಬೇಕೆಂದು ಮಾಡಿದ್ದಲ್ಲ. ಅಂಗಡಿಸಾಲು ಒಂದೇ ದಿನ ಹುಟ್ಟಿದ್ದಲ್ಲ. ಒಂದೊಂದು ಸಂಪರ್ಕ ಕೊಡುವಾಗಲೂ ಏಣಿಯ ಮೇಲಿದ್ದವರ ಕೈಗೆ ಹತ್ತಿರವಿದ್ದದ್ದು ಆ ಬದಿಯ ತಂತಿ. ಒಂದು ಬಲ್ಬು, ಒಂದು ಫ್ಯಾನು ಇದ್ದ ಕಾಲದಲ್ಲಿ ಅದರಿಂದ ಏನೂ ಕೆಡಲಿಲ್ಲ. ಈಗ ಅದೇ ಸಾಲಿನಲ್ಲಿ ಹೋಟೆಲಿನ ಗ್ರೈಂಡರು, ಇಸ್ತ್ರಿಪೆಟ್ಟಿಗೆ, ಐಸ್‌ಕ್ರೀಮಿನ ಡೀಪ್ ಫ್ರೀಜರು, ನಲ್ಲಿ ನೀರು ಬಿಟ್ಟಾಗ ತೊಟ್ಟಿಗೆ ಎತ್ತುವ ಅರ್ಧ ಎಚ್‌ಪಿ ಮೋಟಾರುಗಳು. ಎಲ್ಲವೂ ಏಳುವುದು ಸಂಜೆ ಆರೂವರೆಗೆ.

ಈಗ ಟಿಸಿಯಿಂದ ಅಂಗಡಿಗೆ ನಡೆಯೋಣ. ಅರ್ಧ ಕಿಲೋಮೀಟರ್ ದಾರಿ. ಕಂಬದ ಮೇಲಿರುವುದು ವೀಸಲ್ ಎಂದು ಕರೆಯುವ ಅಲ್ಯೂಮಿನಿಯಂ ತಂತಿ, ಒಳಗೆ ಉಕ್ಕಿನ ಎಳೆ. ಕಿಲೋಮೀಟರಿಗೆ ಅದರ ರೋಧ ಸುಮಾರು 0.93 ಓಮ್, ಅರ್ಧ ಕಿಲೋಮೀಟರಿಗೆ 0.46. ಕೇಳಲು ಏನೂ ಅಲ್ಲದ ಸಂಖ್ಯೆ. ಸಂಜೆ ಟಿಸಿಯ ಬುಡದಲ್ಲೇ ಕೆಂಪು ಫೇಸು 229 ವೋಲ್ಟಿತ್ತು. ದಾರಿಯಲ್ಲಿ ಅಂಗಡಿಗಳು ಒಂದೊಂದೇ ಕರೆಂಟು ತೆಗೆದುಕೊಳ್ಳುತ್ತಾ ಹೋಗುವುದರಿಂದ ಉದ್ದಕ್ಕೂ ಸರಾಸರಿ 60 ಆಂಪಿಯರ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. 60ನ್ನು 0.46ರಿಂದ ಗುಣಿಸಿದರೆ 28 ವೋಲ್ಟು ತಂತಿ ಕಾಯಿಸುವುದರಲ್ಲೇ ಹೋಯಿತು. ನಾಲೆಯ ಕೊನೇ ಭಾಗದ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮೇಲಿನವರೆಲ್ಲ ತೂಬು ತೆರೆದ ಮೇಲೆ ಉಳಿದದ್ದಷ್ಟೇ ಅವರ ಪಾಲು.

ಆದರೆ ಕರೆಂಟಿಗೆ ನೀರಿಗಿಲ್ಲದ ಇನ್ನೊಂದು ಕಟ್ಟುಪಾಡಿದೆ. ಹೋದದ್ದು ವಾಪಸು ಬರಲೇಬೇಕು! ಬರುವ ದಾರಿ ನ್ಯೂಟ್ರಲ್. ಇಲ್ಲಿದೆ ನೋಡಿ ಮೂರು ಫೇಸಿನ ಪವಾಡ: ಮೂರೂ ಫೇಸುಗಳ ಹೊರೆ ಸಮನಾಗಿದ್ದರೆ, ಒಂದರ ಅಲೆ ಏರುವಾಗ ಇನ್ನೆರಡರದು ಇಳಿದು, ಮೂರೂ ಒಂದನ್ನೊಂದು ಅಳಿಸಿಹಾಕಿ, ನ್ಯೂಟ್ರಲ್ಲಿನಲ್ಲಿ ಹರಿಯುವುದು ಸೊನ್ನೆ. ನೂರಾರು ಮನೆ ಉರಿಯುತ್ತಿರಬಹುದು, ಆದರೂ ಸೊನ್ನೆ! ವಾಪಸು ದಾರಿಯಲ್ಲಿ ನಷ್ಟವೇ ಇಲ್ಲ. ಒಂದು ಫೇಸು ಹಿಗ್ಗಿ ಇನ್ನೆರಡು ಕುಗ್ಗಿದಾಗ ಈ ಅಳಿಸಾಟ ಮುರಿಯುತ್ತದೆ. 98, 35, 30ಕ್ಕೆ ಲೆಕ್ಕ ಹಾಕಿದರೆ ನ್ಯೂಟ್ರಲ್ಲಿನಲ್ಲಿ 66 ಆಂಪಿಯರ್, ಲೈನ್‌ಮ್ಯಾನಿನ ಟಾಂಗ್ ಟೆಸ್ಟರು ತೋರಿಸಿದ್ದೂ ಅದನ್ನೇ. ವಾಪಸು ದಾರಿಯಲ್ಲಿ ಅದು ತಿಂದದ್ದು ಇನ್ನೊಂದು 19 ವೋಲ್ಟು. ಸರ್ವಿಸ್ ವೈರಿನಲ್ಲಿ ಎರಡು. 229ರಿಂದ 28, 19, 2 ಕಳೆಯಿರಿ. 180! ಮಲ್ಟಿಮೀಟರು ತೋರಿಸಿದ ಅದೇ ಅಂಕಿ, ಕಾಗದದ ಮೇಲೆ.

ಇನ್ನು ಎದುರುಮನೆಯ ಒಗಟು. ಹಳದಿ ಫೇಸು ಟಿಸಿಯ ಬುಡದಲ್ಲಿ 236 ಇತ್ತು. ಅರ್ಧ ಕಿಲೋಮೀಟರ್ ಬಂದ ಮೇಲೂ 235. ಇಷ್ಟು ದೂರ ಬಂದರೂ ನಷ್ಟವೇ ಇಲ್ಲವೇ? ಇದೆ, ಹತ್ತು ವೋಲ್ಟಿನಷ್ಟು ತಂತಿಯಲ್ಲಿ ಹೋಗಿತ್ತು. ಆದರೆ ಕೆಂಪು ಫೇಸಿನ ಹೊರೆ ಲೈನಿನ ತುದಿಯಲ್ಲಿ ನ್ಯೂಟ್ರಲ್ಲನ್ನು ತನ್ನತ್ತ ಎಳೆದುಕೊಂಡಿತ್ತು. ನ್ಯೂಟ್ರಲ್ ಕೆಂಪಿಗೆ ಹತ್ತಿರವಾದಷ್ಟೂ ಹಳದಿ, ನೀಲಿಗಳಿಂದ ದೂರವಾಗುತ್ತದೆ. ಹಾಗೆ ದೂರವಾದದ್ದರಿಂದ ಹಳದಿಗೆ ಒಂಬತ್ತು ವೋಲ್ಟು ಉಚಿತವಾಗಿ ಸಿಕ್ಕಿತ್ತು! ಅಂಗಡಿಯ ಫ್ರಿಜ್ಜು ಕಳೆದುಕೊಂಡದ್ದರ ಒಂದು ಚೂರು ಎದುರುಮನೆಯ ಗೋಡೆಯಲ್ಲಿ ಏರಿ ಕೂತಿತ್ತು. ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನನಗೆ ಮೈ ಜುಮ್ಮೆಂದಿತು.

1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಸುಮಾರು 147 ಕಿಲೋಮೀಟರ್, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಅಷ್ಟು ದೂರ ಹೋದದ್ದು ಹೇಗೆ? ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕರೆಂಟನ್ನು ಕಿರಿದು ಮಾಡಿದ್ದರಿಂದ. ತಂತಿಯಲ್ಲಿ ಕರಗುವುದು ಕರೆಂಟಿನ ಲೆಕ್ಕದಲ್ಲಿ. ಒಂದೂಕಾಲು ಶತಮಾನದ ಹಿಂದೆಯೇ ಬೆಟ್ಟ ಬಯಲು ದಾಟಿದ ಶಕ್ತಿ ಇಂದು ಭೇರ್ಯದ ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಎಡವುತ್ತಿದ್ದದ್ದೂ ಇದೇ ಕಾರಣಕ್ಕೆ. ಟಿಸಿ ದಾಟಿದ ಮೇಲೆ ವೋಲ್ಟೇಜು ಚಿಕ್ಕದು, ಕರೆಂಟು ದೊಡ್ಡದು, ಪ್ರತಿ ಮೀಟರ್ ತಂತಿಯೂ ದುಬಾರಿ.

ಈಗ ಊರವರು ಬರೆಯಹೊರಟಿದ್ದ ಆ ಅರ್ಜಿ. 63ರ ಬದಲು 100 ಕೆವಿಎ ಟಿಸಿ ಕೂರಿಸಿದ್ದರೆ ಏನಾಗುತ್ತಿತ್ತು? ಆ ಸಂಜೆ ಟಿಸಿಯ ಒಳಗೇ ಕಳೆದುಹೋಗುತ್ತಿದ್ದದ್ದು ಸುಮಾರು 11 ವೋಲ್ಟು. ದೊಡ್ಡ ಟಿಸಿಯಲ್ಲಿ ಅದು ಏಳಕ್ಕೆ ಇಳಿಯುತ್ತಿತ್ತು. ಲಾಭ ನಾಲ್ಕು ವೋಲ್ಟು! ತಂತಿಯೂ ಅದೇ, ಅಸಮ ಹೊರೆಯೂ ಅದೇ, ಅಂಗಡಿಯಲ್ಲಿ 180 ಇದ್ದದ್ದು 184. ಅಷ್ಟೆಲ್ಲ ಓಡಾಡಿ, ಕಾದು, ಹೊಸ ಟಿಸಿಗೆ ಪೂಜೆ ಮಾಡಿದ ಸಂಜೆಯೂ ಫ್ರಿಜ್ಜು ‘ಟಿಕ್’ ಎನ್ನುತ್ತಲೇ ಇರುತ್ತಿತ್ತು. ಅಳೆಯದೆ ಕೇಳಿದ ಪರಿಹಾರ ಎಷ್ಟೇ ದೊಡ್ಡದಾದರೂ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನಾನು ಕಂಡಿಲ್ಲ.

ಮಾಡಿದ ಕೆಲಸ ಬೇರೆ. ಲೈನ್‌ಮ್ಯಾನ್ ಒಂದು ಸಂಜೆ ಕಂಬದಿಂದ ಕಂಬಕ್ಕೆ ನಡೆದು ಯಾವ ಅಂಗಡಿ, ಯಾವ ಮನೆ ಯಾವ ಫೇಸಿನಲ್ಲಿದೆ, ಸಂಜೆ ಏನೇನು ಓಡಿಸುತ್ತಾರೆ ಎಂದು ಪಟ್ಟಿ ಮಾಡಿಕೊಂಡರು. ಇಲ್ಲಿ ಸುಲಭವಾಗಿ ತಪ್ಪುವ ಒಂದು ಜಾಗವಿದೆ. ಮನೆಗಳನ್ನು ತಲೆ ಎಣಿಸಿ ಮೂರು ಪಾಲು ಮಾಡಿದರೆ ಹೊರೆ ಸಮನಾಗುವುದಿಲ್ಲ. ಗ್ರೈಂಡರಿರುವ ಹೋಟೆಲೊಂದು ಎಷ್ಟೋ ಮನೆಗಳಿಗೆ ಸಮ. ಎಣಿಸಬೇಕಾದ್ದು ಆಂಪಿಯರನ್ನು, ಅದೂ ಸಂಜೆಯದನ್ನು. ಇನ್ನೊಂದು, ಲೈನಿನ ತುದಿಯ ಹೊರೆಯನ್ನೇ ಮೊದಲು ಹಂಚಬೇಕು. ಟಿಸಿಯ ಪಕ್ಕದ ಮನೆಯನ್ನು ಬೇರೆ ಫೇಸಿಗೆ ಸರಿಸಿದರೆ ಟಿಸಿಗೆ ಹಗುರ, ಆದರೆ ಉದ್ದನೆಯ ತಂತಿಗೆ ಏನೂ ಹಗುರವಾಗುವುದಿಲ್ಲ.

ಮರುದಿನ ಬೆಳಿಗ್ಗೆ ಲೈನ್ ಕ್ಲಿಯರ್ ತೆಗೆದುಕೊಂಡು, ತಂತಿಗೆ ಅರ್ಥಿಂಗ್ ಕೊಟ್ಟು, ಏಣಿ ಹತ್ತಿದರು. ಹೋಟೆಲು, ಡೀಪ್ ಫ್ರೀಜರಿನ ಅಂಗಡಿ, ಇಸ್ತ್ರಿಯವರು ನೀಲಿಗೆ. ಟೀ ಅಂಗಡಿ, ಕೋಳಿ ಅಂಗಡಿ ಮತ್ತು ಹಿಂದಿನ ಬೀದಿಯ ಕೆಲವು ಮನೆಗಳು ಹಳದಿಗೆ. ನಮ್ಮ ಕಿರಾಣಿ ಅಂಗಡಿ ಕೆಂಪಿನಲ್ಲೇ ಉಳಿಯಿತು. ಹಳೆಯ, ಕರಿಗಟ್ಟಿದ ಗಂಟುಗಳನ್ನು ಬಿಚ್ಚಿ ಉಜ್ಜಿ ಮತ್ತೆ ಕಟ್ಟಿದರು. ಹೊಸ ಸಾಮಾನು ಎಂದರೆ ಒಂದಿಷ್ಟು ತಂತಿಯ ತುಂಡುಗಳು ಮಾತ್ರ.

ಆ ಸಂಜೆ ಏಳೂವರೆಗೆ ಅಂಗಡಿಯ ಮುಂದೆ ಸಣ್ಣ ಗುಂಪೇ ಸೇರಿತ್ತು. ಟಿಸಿಯ ಬುಡದಲ್ಲಿ ಅಳೆದರೆ 56, 54, 53. ನ್ಯೂಟ್ರಲ್ಲಿನಲ್ಲಿ ಮೂರು ಆಂಪಿಯರಿಗೂ ಕಡಿಮೆ! 66 ಇದ್ದದ್ದು ಮೂರಕ್ಕೆ ಬಂದಿತ್ತು, ಊರಿನ ಒಂದು ದೀಪವನ್ನೂ ಆರಿಸದೆ. ಟಿಸಿಯಲ್ಲಿ 234, ಅಂಗಡಿಯ ಪ್ಲಗ್ಗಿನಲ್ಲಿ 217. ಹುಡುಗ ಫ್ರಿಜ್ಜಿನ ಸ್ವಿಚ್ಚು ಒತ್ತಿದ. ಮುಲುಕಿಲ್ಲ, ಟಿಕ್ ಇಲ್ಲ, ಒಂದೇ ಏಟಿಗೆ ಗುಂಯ್ ಎಂದು ಓಡಿತು. 37 ವೋಲ್ಟು ಮರಳಿದ್ದರಿಂದ ಏಳುವ ಬಲ ನೂರಕ್ಕೆ 55ರಿಂದ 80ರ ಮೇಲಕ್ಕೆ ಹೋಗಿತ್ತು.

“ಕಂಪ್ರೆಸರ್‌ಗೆ ಎತ್ತಿಟ್ಟ ದುಡ್ಡು ಅಂಗೇ ಐತೆ ಕಣ್ಲಾ,” ಎಂದರಂತೆ ಅಂಗಡಿಯವರು, ಹುಡುಗನ ಬೆನ್ನು ತಟ್ಟಿ.

ಅಲ್ಲಿಗೆ ಮುಗಿಯಲಿಲ್ಲ. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಇರುವುದರಿಂದ, ಅಷ್ಟೇ ಹೊರೆ ಸಮನಾಗಿ ಹರಡಿದ್ದಕ್ಕೇ ಆ ಲೈನಿನ ಪೋಲು ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಪ್ರತಿ ಸಂಜೆ ಅರ್ಧ ಕಿಲೋಮೀಟರ್ ಗಾಳಿಯನ್ನು ಕಾಯಿಸುತ್ತಿದ್ದ ಕರೆಂಟು ಅದು!

ಇಷ್ಟೆಲ್ಲ ಏಕೆ, ಒಂದು ಸ್ಟೆಬಿಲೈಸರ್ ಇಟ್ಟಿದ್ದರೆ ಮುಗಿಯುತ್ತಿತ್ತಲ್ಲ ಎಂದು ಕೇಳಬಹುದು. ಫ್ರಿಜ್ಜು ಓಡುತ್ತಿತ್ತು, ನಿಜ. ಆದರೆ ಸ್ಟೆಬಿಲೈಸರ್ ವೋಲ್ಟೇಜನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ. 180ನ್ನು 230 ಮಾಡಿ ಕೊಡಬೇಕಾದರೆ ಲೈನಿನಿಂದ ಕಾಲು ಪಾಲಿಗಿಂತಲೂ ಜಾಸ್ತಿ ಹೆಚ್ಚುವರಿ ಕರೆಂಟನ್ನು ಎಳೆಯಬೇಕು. ಸಾಲಿನ ಎಲ್ಲ ಅಂಗಡಿಯವರೂ ಒಂದೊಂದು ಇಟ್ಟರೆ ಲೈನು ಇನ್ನಷ್ಟು ಕುಸಿದು, ಕೊನೆಗೆ ಸ್ಟೆಬಿಲೈಸರುಗಳೇ ಕೈಚೆಲ್ಲುತ್ತವೆ. ಹೊರೆ ಸಮನಾದ ಮೇಲೂ ತುಸು ಏರಿಳಿತ ಉಳಿದಿದ್ದರೆ ಅದಕ್ಕೆ ಸ್ಟೆಬಿಲೈಸರ್ ಒಳ್ಳೆಯ ಮದ್ದು, ಮೂಲ ರೋಗಕ್ಕಲ್ಲ.

ನಿಮ್ಮ ಬೀದಿಯಲ್ಲೂ ಸಂಜೆಗೆ ಮಾತ್ರ ಕೆಡುವ ಫ್ರಿಜ್ಜೊಂದು ಇದ್ದರೆ, ಬೆಳಗಿನ ಜಾವ ಮತ್ತು ಸಂಜೆ ಎಂಟಕ್ಕೆ ಒಂದೇ ಪ್ಲಗ್ಗಿನಲ್ಲಿ ವೋಲ್ಟೇಜು ಅಳೆಸಿ. ನಮ್ಮ ದೇಶದ ಮಾನಕ 230 ವೋಲ್ಟು, ನೂರಕ್ಕೆ ಹತ್ತು ಆಚೀಚೆ. ಅಂದರೆ 207ಕ್ಕಿಂತ ಕೆಳಗೆ ಇಳಿಯಬಾರದು. ಎದುರುಮನೆ ಚೆನ್ನಾಗಿದ್ದು ನಿಮ್ಮದು ಮಾತ್ರ ದಿನವೂ ಅದೇ ಹೊತ್ತಿಗೆ ನಿಧಾನವಾಗಿ ಕುಸಿದರೆ ಫೇಸುಗಳ ಹಂಚಿಕೆ ನೋಡಬೇಕು. ಎಲ್ಲ ಫೇಸುಗಳೂ ಒಟ್ಟಿಗೆ ಕುಸಿದರೆ ಆಗ ನಿಜಕ್ಕೂ ಟಿಸಿಗೆ ಹೊರೆ ಹೆಚ್ಚಾಗಿರಬಹುದು ಅಥವಾ 11 ಸಾವಿರದ ಲೈನೇ ಸೊರಗಿರಬಹುದು. ಅಲ್ಲಿ ಏಣಿ ಹತ್ತಿ ಫೇಸು ಬದಲಿಸಿದರೆ ಸಾಲದು, ದಪ್ಪ ತಂತಿಯೋ ಲೈನಿನ ತುದಿಗೆ ಹತ್ತಿರದಲ್ಲೊಂದು ಹೊಸ ಟಿಸಿಯೋ ಬೇಕು.

ಇದೆಲ್ಲಕ್ಕಿಂತ ಬೇರೆಯಾದ ಒಂದು ಲಕ್ಷಣವನ್ನು ಮಾತ್ರ ಅಳೆಯುತ್ತಾ ಕೂರಬಾರದು. ವೋಲ್ಟೇಜು ಹೊತ್ತುಗೊತ್ತಿಲ್ಲದೆ ಜೋಲಿ ಹೊಡೆದರೆ, ಒಂದು ಮನೆಯಲ್ಲಿ ದೀಪ ಮಂಕಾಗುತ್ತಿದ್ದಂತೆ ಇನ್ನೊಂದು ಮನೆಯಲ್ಲಿ ಬಲ್ಬು ಸಿಡಿದರೆ, ಎಲ್ಲೋ ನ್ಯೂಟ್ರಲ್ ಕಡಿದಿದೆ ಅಥವಾ ಕಡಿಯುವುದರಲ್ಲಿದೆ. ಆಗ ವೋಲ್ಟೇಜು 300 ದಾಟಿ 400ರ ಹತ್ತಿರವೂ ಹೋಗಬಲ್ಲದು. ತಕ್ಷಣ ಮೇನ್ ಸ್ವಿಚ್ಚು ಇಳಿಸಿ 1912ಕ್ಕೆ ಕರೆ ಮಾಡಿ. ಕಂಬದ ತಂತಿಗೂ ಟಿಸಿಗೂ ಕೈ ಹಾಕುವುದು ಲೈನ್‌ಮ್ಯಾನ್ ಮಾತ್ರ.

ಭೇರ್ಯದ ಆ ಸಾಲಿನ ಪ್ರತಿ ಕಂಬದ ಮೇಲೆ ಈಗ ಕೆಂಪು, ಹಳದಿ, ನೀಲಿ ಬಣ್ಣದ ಚುಕ್ಕೆಗಳಿವೆ, ಯಾವ ಸರ್ವಿಸು ಯಾವ ಫೇಸಿನದು ಎಂದು ತೋರಿಸಲು. ಸಾಲಿನ ಕೊನೆಯಲ್ಲಿ ಬೇಕರಿಯೊಂದು ಬರಲಿದೆ. ಅದರ ಓವನ್ನಿನ ಹೊರೆ ಎಷ್ಟು ಎಂದು ಲೈನ್‌ಮ್ಯಾನ್ ಈಗಾಗಲೇ ಕೇಳಿ ಬರೆದುಕೊಂಡಿದ್ದಾರೆ. ಅದು ಮೂರು ಫೇಸಿನ ಸಂಪರ್ಕ ಪಡೆಯದಿದ್ದರೆ ನೀಲಿಗೆ ಹೋಗಬೇಕು, ಆಮೇಲೆ ಒಂದು ಸಂಜೆ ಮತ್ತೆ ನಾಲ್ಕೂ ತಂತಿಗಳಿಗೆ ಟಾಂಗ್ ಟೆಸ್ಟರ್ ಹಾಕಿ ನೋಡಬೇಕು.